ಹನ್ನೊಂದು ಇಪ್ಪತ್ತರ ನಾಲ್ಕು ನಿಮಿಷ

ಕೊರಳಲ್ಲಿ ದಾರ ಕಟ್ಟಿದ ಸ್ಟಾಪ್‌ವಾಚು ಹಾಕಿಕೊಂಡು ಬರುತ್ತಿದ್ದಳಾದ್ದರಿಂದ ಮಕ್ಕಳು ಅವಳನ್ನು ಗಡಿಯಾರ ಮಿಸ್ ಎನ್ನುತ್ತಿದ್ದರು. ಆರು ಶಾಲೆಗಳಿಗೆ ಒಬ್ಬಳೇ. ಯಾವುದಾದರೂ ಶಾಲೆಯಲ್ಲಿ ಒಂದು ಮಗು ಟೀಚರ ಕೈಗೆ ಸಿಗದೆ ಹೋದರೆ ಇವಳಿಗೆ ಕರೆ ಬರುತ್ತಿತ್ತು. ಇವಳು ಬಂದು ತರಗತಿಯ ಹಿಂದಿನ ಮೂಲೆಯಲ್ಲಿ ಕೂತು, ಮಗುವನ್ನು ನೋಡಿ, ಹಾಳೆ ತುಂಬಿಸಿ, ವರದಿ ಬರೆದುಕೊಟ್ಟು ಹೋಗಬೇಕು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಮೊದಲು ತಾನೂ ಟೀಚರಾಗಿದ್ದಳು. ಎರಡನೇ ಮಗು ಹುಟ್ಟಿದ ಮೇಲೆ ಇಡೀ ದಿನದ ಕೆಲಸ ಆಗದೆಂದು ಬಿಟ್ಟು, ಒಂದು ವರ್ಷದ ತರಬೇತಿ ಮಾಡಿಕೊಂಡು ಇದಕ್ಕೆ ಬಂದಳು. ಗಂಟೆ ಲೆಕ್ಕದ ಕೆಲಸ, ಮನೆಗೂ ಅನುಕೂಲ ಎಂದಿದ್ದ ಗಂಡ. ಮನೆಗೆ ಅನುಕೂಲವೇನೋ ಆಗಿತ್ತು. ಮಕ್ಕಳು ಬೆಳೆದು ಹಾಸ್ಟೆಲು ಸೇರಿದ್ದರು. ಅವರ ಜಾಗಕ್ಕೆ ಅತ್ತೆಯ ಕಾಯಿಲೆ ಬಂದು ಕೂತಿತ್ತು.

ಅತ್ತೆಗೆ ಕೈ ನಡುಕ, ಮೈ ಬಿಗಿತ. ಏಳು ಇಪ್ಪತ್ತಕ್ಕೊಂದು, ಹನ್ನೊಂದು ಇಪ್ಪತ್ತಕ್ಕೊಂದು, ಮೂರು ಇಪ್ಪತ್ತಕ್ಕೊಂದು, ಮತ್ತೆ ರಾತ್ರಿ ಮಲಗುವಾಗ ಒಂದು ಮಾತ್ರೆ. ಹೊತ್ತು ತಪ್ಪಿದರೆ ಮೈ ಕಟ್ಟಿಗೆಯಾಗುತ್ತದೆ, ಎಬ್ಬಿಸಿ ನಿಲ್ಲಿಸಲು ಇಬ್ಬರು ಬೇಕು. ಬೆಳಗ್ಗೆ ಐದಕ್ಕೆ ಎದ್ದು ಅಡುಗೆ, ತಿಂಡಿ, ಅತ್ತೆಯ ಹಲ್ಲು ಮುಖ, ಸ್ನಾನ, ತಲೆ ಬಾಚುವುದು, ಹಾಸಿಗೆಯ ಬಟ್ಟೆ ನೆನೆಹಾಕುವುದು ಎಲ್ಲ ಮುಗಿಸಿ ಅವಳು ಬಸ್ಸು ಹತ್ತುವಾಗ ಹತ್ತು ದಾಟಿರುತ್ತಿತ್ತು. ಗಂಡನದು ಎರಡನೇ ಪಾಳಿ. ಮಧ್ಯಾಹ್ನ ಎರಡಕ್ಕೆ ಹೊರಡುವವನು ಅಲ್ಲಿಯವರೆಗೆ ಮನೆಯಲ್ಲೇ, ಅಮ್ಮನ ಮಂಚಕ್ಕೆ ಎರಡು ಹೆಜ್ಜೆ ದೂರದ ಕುರ್ಚಿಯಲ್ಲೇ ಇರುತ್ತಿದ್ದ. ಮಾತ್ರೆಯ ಡಬ್ಬಿ ಅವನ ಕೈಗೆ ಎಟುಕುವ ಕಪಾಟಿನಲ್ಲೇ ಇತ್ತು. ಆದರೂ ದಿನಾ ಹನ್ನೊಂದು ಇಪ್ಪತ್ತಕ್ಕೆ, ಎಲ್ಲಿದ್ದರೂ, ಅವಳು ಫೋನು ಮಾಡಬೇಕಿತ್ತು. ಅವನು ‘ಹೂಂ, ಕೊಡ್ತಿದೀನಿ’ ಅನ್ನುತ್ತಿದ್ದ. ಅವನು ನೀರು ಕೊಟ್ಟು ನುಂಗಿಸುವವರೆಗೂ ಅವಳು ಫೋನು ಹಿಡಿದಿರುತ್ತಿದ್ದಳು. ನಾಲ್ಕು ನಿಮಿಷದ ಕೆಲಸ. ಬೇಸರವೂ ಆಗದಷ್ಟು ಹಳೆಯದಾಗಿತ್ತು ಅದು.

ಈಗ ಕರೆ ಬಂದಿದ್ದು ಮೂರನೇ ತರಗತಿಯ ಒಂದು ಹುಡುಗಿಯ ವಿಷಯಕ್ಕೆ. ಎಂಟು ವರ್ಷ. ಪಾಠದ ಮಧ್ಯೆ ಎದ್ದು ಬಾಗಿಲಿಗೆ ಹೋಗುತ್ತಾಳೆ, ತಡೆದರೆ ತಳ್ಳುತ್ತಾಳೆ, ಒಮ್ಮೆ ಟೀಚರ ಕೈ ಪರಚಿದ್ದಾಳೆ. ಟೀಚರುಗಳ ಕೋಣೆಯಲ್ಲಿ ಅವಳಿಗೆ ಬಾಗಿಲಮ್ಮ ಎಂದು ಹೆಸರಾಗಿತ್ತು. ಹೆಡ್‌ಮಿಸ್ಸು ಸುತ್ತಿ ಬಳಸಿ ಮಾತಾಡುವವರಲ್ಲ. ಊರಿನ ಆ ತುದಿಯಲ್ಲಿ ಇಂಥ ಮಕ್ಕಳಿಗೆಂದೇ ಇರುವ ಶಾಲೆಯಿದೆ, ಅಲ್ಲಿ ಒಂದು ಜಾಗ ಖಾಲಿಯಿದೆ, ನಿಮ್ಮ ವರದಿಯೊಂದು ಬಂದರೆ ಕಳಿಸಿಬಿಡುತ್ತೇನೆ ಎಂದರು. ಹುಡುಗಿಯ ತಾಯಿ ಏನನ್ನುತ್ತಾಳೆ ಎಂದು ಇವಳು ಕೇಳಿದಳು. ಆ ತಾಯಿ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸದವಳು, ಬೆಳಗ್ಗೆ ಆರಕ್ಕೇ ಹೊರಡುತ್ತಾಳೆ. ಎರಡು ಬಸ್ಸು ಬದಲಿಸಿ ಮಗುವನ್ನು ಅಲ್ಲಿಗೆ ಬಿಡುವವರಾರು, ಹಾಗೇನಾದರೂ ಆದರೆ ಓದೇ ಬಿಡಿಸಿ ಮನೆಯಲ್ಲಿಟ್ಟುಕೊಳ್ಳುತ್ತೇನೆ ಎಂದಿದ್ದಳಂತೆ.

‘ಅವರವರ ಕರ್ಮ,’ ಎಂದರು ಹೆಡ್‌ಮಿಸ್ಸು. ‘ಉಳಿದ ಮೂವತ್ತೆಂಟು ಮಕ್ಕಳನ್ನೂ ನಾನು ನೋಡಬೇಕಲ್ಲ.’

ಅದು ಸುಳ್ಳಲ್ಲ ಎಂದು ಇವಳಿಗೂ ಗೊತ್ತಿತ್ತು. ತಲೆಯಾಡಿಸಿದಳು.

ಮೊದಲ ದಿನ ಸುಮ್ಮನೆ ಕೂತು ಬಂದಳು. ಮೊದಲ ದಿನದ್ದನ್ನು ಅವಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸಬರೊಬ್ಬರು ಮೂಲೆಯಲ್ಲಿ ಕೂತರೆ ಮಕ್ಕಳೆಲ್ಲ ಒಂದು ದಿನಕ್ಕೆ ದೇವರಾಗುತ್ತಾರೆ, ಟೀಚರೂ ಸಹ. ಎರಡನೇ ದಿನಕ್ಕೆ ಅವಳು ಬೆಂಚು ಕಪಾಟುಗಳ ಜೊತೆ ಒಂದು ಸಾಮಾನಾಗುತ್ತಾಳೆ. ಆಮೇಲೆಯೇ ಕೆಲಸ. ಯಾವ ಮಗುವನ್ನು ನೋಡುತ್ತಿದ್ದೇನೆಂದು ಮಕ್ಕಳಿಗೆ ಹೇಳುವುದಿಲ್ಲ, ಆ ಮಗುವಿನ ಕಡೆಗೇ ಕಣ್ಣು ನೆಟ್ಟು ಕೂರುವುದೂ ಇಲ್ಲ.

ಸೋಮವಾರದಿಂದ ಹಾಳೆ ಶುರುವಾಯಿತು. ಮೂರನೇ ಪೀರಿಯಡ್ಡು, ಹನ್ನೊಂದರಿಂದ. ಮೊದಲ ಇಪ್ಪತ್ತು ನಿಮಿಷ ಎಣಿಕೆ. ಅರ್ಧ ನಿಮಿಷಕ್ಕೊಮ್ಮೆ ತಲೆಯೆತ್ತಿ, ಆ ಒಂದು ಕ್ಷಣದಲ್ಲಿ ಹುಡುಗಿ ಏನು ಮಾಡುತ್ತಿದ್ದಾಳೆಂದು ನೋಡಿ, ಪಾಠದಲ್ಲಿದ್ದರೆ ಒಂದು ಗೀಟು, ಇಲ್ಲದಿದ್ದರೆ ಒಂದು ಸೊನ್ನೆ. ಪ್ರತಿ ಐದನೇ ಸಲ ಅವಳನ್ನು ಬಿಟ್ಟು ಬೇರೊಂದು ಮಗುವನ್ನು ನೋಡಬೇಕು. ಜಾಣೆಯನ್ನಲ್ಲ, ತುಂಟಿಯನ್ನಲ್ಲ, ಯಾರ ಬಾಯಲ್ಲೂ ಬರದ ಮಧ್ಯಮದ ಮಗುವನ್ನು. ಹಾಗೆ ಮಾಡದಿದ್ದರೆ, ಇಡೀ ತರಗತಿಯೇ ತೂಕಡಿಸುವ ಪಾಠದಲ್ಲಿ ಒಬ್ಬಳದೇ ತಪ್ಪು ಎಂದಾಗುತ್ತದೆ. ಇಪ್ಪತ್ತು ನಿಮಿಷ ಮುಗಿದ ಮೇಲೆ ಗೀಟು ಸೊನ್ನೆ ನಿಲ್ಲಿಸಿ, ನಡೆದದ್ದನ್ನು ಬರೆಯುತ್ತಾ ಹೋಗುವುದು. ಅದಕ್ಕೆ ಮೂರು ಕಲಂ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ‘ಸಿಟ್ಟು ಬಂತು’, ‘ಹಟ ಮಾಡಿದಳು’ ಎಂದು ಅಲ್ಲಿ ಬರೆಯುವಂತಿಲ್ಲ. ಸಿಟ್ಟು ಯಾರ ಕಣ್ಣಿಗೂ ಕಾಣುವುದಿಲ್ಲ. ಕಾಣುವುದು ಪುಸ್ತಕ ನೆಲಕ್ಕೆ ಬಿದ್ದದ್ದು. ಪುಸ್ತಕ ಬಿತ್ತು ಎಂದು ಬರೆ, ಎಷ್ಟು ಹೊತ್ತಿಗೆ ಬಿತ್ತು ಎಂದು ಬರೆ. ಯಾಕೆ ಬಿತ್ತು ಎನ್ನುವುದಕ್ಕೆ ಹಾಳೆಯ ಕೆಳಗೆ ಬೇರೆಯೇ ಜಾಗವಿದೆ, ಅಲ್ಲಿಗೆ ಕೊನೆಯಲ್ಲಿ ಬಾ. ಹೊಸದಾಗಿ ತರಬೇತಿಗೆ ಬರುವ ಹುಡುಗಿಯರಿಗೆ ಅವಳು ಇದನ್ನು ಹೇಳಿ ಹೇಳಿ ಬಾಯಿಪಾಠವಾಗಿತ್ತು.

ಸೋಮವಾರದ ಎಣಿಕೆಯಲ್ಲಿ ಹುಡುಗಿಗೆ ಮೂವತ್ತೆರಡಕ್ಕೆ ಇಪ್ಪತ್ತೇಳು ಗೀಟು. ಮಧ್ಯಮದ ಮಗುವಿಗೆ ಎಂಟಕ್ಕೆ ಆರು. ಅಂದರೆ ಬಾಗಿಲಮ್ಮ ಎನಿಸಿಕೊಂಡವಳು ಪಕ್ಕದವಳಿಗಿಂತ ಒಂದು ಕೈ ಮೇಲೇ. ಇದನ್ನು ಬರೆದುಕೊಂಡು ಗಡಿಯಾರ ಮಿಸ್ಸು ಸ್ಟಾಪ್‌ವಾಚು ನಿಲ್ಲಿಸಿದಳು. ಹನ್ನೊಂದು ಇಪ್ಪತ್ತು. ಹಿಂದಿನ ಬಾಗಿಲಿಂದ ಸದ್ದಿಲ್ಲದೆ ಎದ್ದು, ತರಗತಿಗಳ ಹತ್ತಿರ ಫೋನು ಬೇಡವೆಂದು ಬೋರ್ಡು ಹಾಕಿದ್ದರಿಂದ ಮೆಟ್ಟಿಲ ಬಳಿ ಹೋಗಿ, ಮನೆಗೆ ಫೋನು ಮಾಡಿದಳು. ತಿರುಗಿ ಬರುವಷ್ಟರಲ್ಲಿ ಹುಡುಗಿ ಮುಂಬಾಗಿಲ ಚಿಲಕ ಹಿಡಿದು ನಿಂತಿದ್ದಳು, ಟೀಚರು ಅವಳ ರಟ್ಟೆ ಹಿಡಿದಿದ್ದರು, ಒಂದು ಚೀಲ ನೆಲದ ಮೇಲಿತ್ತು. ಹನ್ನೊಂದು ಇಪ್ಪತ್ತೈದಕ್ಕೆ ಟೀಚರು ಅವಳನ್ನು ಹೊರಗೆ ನಿಲ್ಲಿಸಿದರು. ಹನ್ನೊಂದು ಮೂವತ್ತೆಂಟಕ್ಕೆ ಒಳಗೆ ಕರೆದರು.

ಪೀರಿಯಡ್ಡು ಮುಗಿದ ಮೇಲೆ ಶುರುವಿನಲ್ಲಿ ಏನಾಯಿತೆಂದು ಟೀಚರನ್ನು ಕೇಳಿದಳು. ಟೀಚರು ಹಣೆ ಒರೆಸಿಕೊಂಡರು. ‘ಅದೇ ಮೇಡಂ, ದಿನಾ ಇದ್ದದ್ದೇ. ನೋಟ್‌ಬುಕ್ ತೆಗೀರಿ, ಬರೀರಿ ಅಂದೆ. ಎದ್ದಳು.’

ಮುಂಚೆ ಎಂಬ ಕಲಮಿನಲ್ಲಿ ಅವಳು ಬರೆದಳು: ಬರೆಯಲು ಹೇಳಿದರು.

ಮಂಗಳವಾರವೂ ಹಾಗೇ. ಬುಧವಾರವೂ. ಮೂರು ಹಾಳೆ, ಮೂರರಲ್ಲೂ ಹನ್ನೊಂದು ಇಪ್ಪತ್ತರಿಂದ ಇಪ್ಪತ್ನಾಲ್ಕರವರೆಗಿನ ಸಾಲು ಟೀಚರ ಬಾಯಿಂದ ಬಂದದ್ದು. ಆದರೆ ಅಕ್ಷರ ಅವಳದು, ಉಳಿದ ಸಾಲುಗಳ ಹಾಗೇ ದುಂಡಗೆ. ನೋಡಿದವರಿಗೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಮಗುವನ್ನು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಪಾಠದಲ್ಲಿ ನೋಡಬೇಕು ಎನ್ನುವುದೂ ಅವಳ ಬಾಯಿಪಾಠವೇ. ಆದರೆ ಮೊದಲ ಪೀರಿಯಡ್ಡಿನ ಹೊತ್ತಿಗೆ ಅವಳು ಅತ್ತೆಯ ಬೆನ್ನು ಉಜ್ಜುತ್ತಿರುತ್ತಿದ್ದಳು, ಮಧ್ಯಾಹ್ನ ಬೇರೆ ಶಾಲೆ. ಗಲಾಟೆ ಆಗುವುದೇ ಮೂರನೇ ಪೀರಿಯಡ್ಡಿನಲ್ಲಿ ಎಂದು ಟೀಚರೂ ಹೇಳಿದ್ದರು. ಅಷ್ಟಕ್ಕೇ ಸಾಕೆನಿಸಿತು. ಇತ್ತೀಚೆಗೆ ಅವಳಿಗೆ ಬಹಳಷ್ಟು ವಿಷಯಗಳು ಬೇಗ ಸಾಕೆನಿಸುತ್ತಿದ್ದವು.

ಗುರುವಾರ ಬೆಳಗ್ಗೆ ಕುಕ್ಕರು ಕೂಗುವುದಕ್ಕೂ ಅತ್ತೆಯನ್ನು ಎಬ್ಬಿಸುವುದಕ್ಕೂ ನಡುವೆ, ಒಲೆಯ ಪಕ್ಕದ ಕಟ್ಟೆಯ ಮೇಲೆ ವರದಿಯ ಕರಡು ಬರೆದಳು. ಮಗು ಓದುವ, ಕೇಳುವ ಪಾಠದಲ್ಲಿ ಸರಿಯಾಗಿರುತ್ತಾಳೆ. ಬರೆಯಲು ಹೇಳಿದಾಗ ಎದ್ದು ಹೋಗುತ್ತಾಳೆ. ಹೊರಗೆ ನಿಲ್ಲಿಸುವುದರಿಂದ ಬರೆಯುವುದು ತಪ್ಪುತ್ತದೆ. ಅವಳಿಗೆ ಬೇಕಾದದ್ದೇ ಶಿಕ್ಷೆಯಾಗಿ ಸಿಗುವುದರಿಂದ ಅಭ್ಯಾಸ ಗಟ್ಟಿಯಾಗಿದೆ. ಬರವಣಿಗೆಯ ತೊಂದರೆಯಿರಬಹುದು, ವಿಶೇಷ ಶಾಲೆಯಲ್ಲಿ ಪರೀಕ್ಷಿಸಿ ಕಲಿಸುವುದು ಸೂಕ್ತ. ಓದಿದರೆ ಚೆನ್ನಾಗಿಯೇ ಇತ್ತು. ಒಂದಕ್ಕೊಂದು ಹೊಂದಿಕೊಂಡಿತ್ತು. ಆ ದಿನವೇ ಹೆಡ್‌ಮಿಸ್ಸಿನ ಕೈಗೆ ಕೊಟ್ಟಳು. ಅವರು ಓದಿ, ಸೋಮವಾರ ತಾಯಿಯನ್ನು ಕರೆಸುತ್ತೇನೆ ಎಂದರು. ನಮೂನೆಯಲ್ಲಿ ನಾಲ್ಕು ಹಾಳೆ ಕೇಳಿದ್ದಾರಲ್ಲ, ನಾಳೆ ಇನ್ನೊಂದು ತುಂಬಿಸಿಬಿಡಿ, ಶಾಸ್ತ್ರಕ್ಕೆ.

ಶುಕ್ರವಾರ ಅತ್ತೆಗೆ ಬೆಳಗಿನ ಮಾತ್ರೆ ಹಿಡಿಯುವುದು ತಡವಾಯಿತು. ಸ್ನಾನದ ಕೋಣೆಯಿಂದ ಎತ್ತಿ ತರುವಷ್ಟರಲ್ಲಿ ದಿನಾ ಹಿಡಿಯುವ ಬಸ್ಸು ಹೋಗಿತ್ತು. ಶಾಲೆ ಮುಟ್ಟಿ, ಮೂಲೆಯಲ್ಲಿ ಕೂತು, ಇಪ್ಪತ್ತು ನಿಮಿಷದ ಗೀಟು ಸೊನ್ನೆ ಮುಗಿಸಿ, ಚೀಲಕ್ಕೆ ಕೈ ಹಾಕಿದಾಗ ಫೋನಿಲ್ಲ. ಅದು ಮಾತ್ರೆ ಡಬ್ಬಿಯ ಪಕ್ಕದಲ್ಲೇ ಕೂತಿರುವುದು ಅವಳ ಕಣ್ಣಿಗೆ ಕಟ್ಟಿತು. ಆಫೀಸಿಗೆ ಹೋಗಿ ಅಲ್ಲಿಂದ ಮಾಡಬಹುದಿತ್ತು. ಅವಳು ಏಳಲಿಲ್ಲ. ಯಾಕೆಂದು ಆಮೇಲೂ ಅವಳಿಗೆ ಗೊತ್ತಾಗಲಿಲ್ಲ. ಕಾಲು ಎಳೆಯುತ್ತಿತ್ತು, ಅಷ್ಟೆ.

ಆಗ ಕೆಳಗೆ ಗಂಟೆ ಬಾರಿಸಿತು. ಇಲ್ಲಿಯ ಗಂಟೆಯಲ್ಲ, ಅಂಗಳದಾಚೆಯ ಶಿಶುವಿಹಾರದ ಕೈಗಂಟೆ. ಹುಡುಗಿಯ ಬೆರಳು ಓದುತ್ತಿದ್ದ ಸಾಲಿನ ಮೇಲೆ ನಿಂತಿತು. ಮುಖ ಕಿಟಕಿಯ ಕಡೆ ತಿರುಗಿತು. ಕಿಟಕಿ ಎತ್ತರದಲ್ಲಿತ್ತು, ಆಕಾಶ ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ. ತುಟಿಗಳು ಅಲುಗಿದವು. ಹನ್ನೊಂದು ಇಪ್ಪತ್ತೊಂದಕ್ಕೆ ಎದ್ದು ನಿಂತಳು. ಟೀಚರು ಕೂತುಕೋ ಎಂದರು. ಕೂರಲಿಲ್ಲ. ಇಪ್ಪತ್ತೆರಡಕ್ಕೆ ಟೀಚರು ಕಪ್ಪುಹಲಗೆಯಿಂದ ತಿರುಗಿ ಇಡೀ ತರಗತಿಗೆ, ನೋಟ್‌ಬುಕ್ ತೆಗೀರಿ, ಬರೀರಿ ಎಂದರು.

ಗಡಿಯಾರ ಮಿಸ್ಸು ಬರೆದುಕೊಂಡಳು. ಬರೆದದ್ದನ್ನು ನೋಡಿದಳು. ಎದ್ದು ನಿಂತದ್ದು ಇಪ್ಪತ್ತೊಂದಕ್ಕೆ. ಬರೆಯಲು ಹೇಳಿದ್ದು ಇಪ್ಪತ್ತೆರಡಕ್ಕೆ.

ಇಪ್ಪತ್ತೈದಕ್ಕೆ ಹುಡುಗಿಯನ್ನು ಹೊರಗೆ ನಿಲ್ಲಿಸಿದರು. ಈ ಸಲ ಅವಳೂ ಹಿಂದಿನ ಬಾಗಿಲಿಂದ ಹೊರಗೆ ಹೋದಳು. ಹುಡುಗಿ ಗೋಡೆಗೆ ಒರಗಿ ನಿಂತಿರಲಿಲ್ಲ. ಮೊಗಸಾಲೆಯ ಕೊನೆಗೆ ಓಡಿ, ಕಂಬಿಯ ಮೇಲೆ ಗದ್ದವಿಟ್ಟು ತುದಿಗಾಲಲ್ಲಿ ನಿಂತಿದ್ದಳು. ಕೆಳಗೆ ನಲ್ಲಿಗಳ ಸಾಲು, ಶೌಚಾಲಯ, ಇಪ್ಪತ್ತಾರು ಪುಟ್ಟ ಮಕ್ಕಳು, ಅವರ ಮಧ್ಯೆ ಒಬ್ಬಳೇ ಆಯಾ. ಹುಡುಗಿ ಮೂರು ಸಲ ಚಪ್ಪಾಳೆ ಹೊಡೆದಳು. ಹಳದಿ ರಿಬ್ಬನ್ನಿನ ಒಂದು ಪುಟ್ಟ ತಲೆ ಮೇಲೆ ನೋಡಿತು, ನೀರಾಟ ಬಿಟ್ಟು ಶೌಚಾಲಯದೊಳಗೆ ಹೋಯಿತು, ಸ್ವಲ್ಪ ಹೊತ್ತಿಗೆ ಹೊರಗೆ ಬಂತು. ಹುಡುಗಿ ಹಿಮ್ಮಡಿ ಊರಿದಳು. ಆಮೇಲೆ ತಿರುಗಿ ಬಂದು, ತನ್ನ ಶಿಕ್ಷೆಯ ಜಾಗದಲ್ಲಿ ಗೋಡೆಗೆ ಒರಗಿ ನಿಂತಳು.

ನೋಡುವ ಹೊತ್ತಿನಲ್ಲಿ ಮಗುವಿನ ಜೊತೆ ಮಾತಾಡಬಾರದು. ಅವಳು ಹನ್ನೊಂದು ನಲವತ್ತರವರೆಗೆ ಕಾದಳು. ಪೀರಿಯಡ್ಡು ಮುಗಿದು ಮಕ್ಕಳೆಲ್ಲ ನೀರಿಗೆ ಓಡಿದಾಗ ಹುಡುಗಿಯ ಪಕ್ಕ ಗೋಡೆಗೆ ಒರಗಿ ಕೆಳಗೆ ಕೂತಳು. ಯಾಕೆ ಎಂದು ಕೇಳಿದರೆ ಮಕ್ಕಳು ಸುಮ್ಮನಾಗುತ್ತಾರೆ. ಹಳದಿ ರಿಬ್ಬನ್ ಯಾರದು ಎಂದು ಕೇಳಿದಳು.

‘ನನ್ ತಂಗಿ.’ ಹುಡುಗಿ ಸೇರಿಸಿದಳು: ‘ನೆನಪು ಮಾಡದಿದ್ರೆ ಚಡ್ಡೀಲೇ ಮಾಡ್ಕೋತಾಳೆ. ಅದನ್ನ ನಾನೇ ಒಗೀಬೇಕು. ಅಮ್ಮ ಬರೋದ್ರೊಳಗೆ.’

ದೂರಿನ ದನಿಯಲ್ಲ. ದೊಡ್ಡ ಹೆಂಗಸರು ನೀರು ಬರುವ ಹೊತ್ತು ಹೇಳುವಂತೆ ಹೇಳಿದಳು. ಅಮ್ಮ ದಿನವಿಡೀ ಮಂದಿಯ ಬಟ್ಟೆ ಒಗೆದು ಬರುತ್ತಾಳೆ, ಮನೆಯಲ್ಲೂ ಒದ್ದೆ ಬಟ್ಟೆ ಕಂಡರೆ ಸುಮ್ಮನೆ ಕೂತುಬಿಡುತ್ತಾಳೆ, ಬೈಯುವುದಿಲ್ಲ, ಕೂತುಬಿಡುತ್ತಾಳೆ. ಅದಕ್ಕೇ. ಗಡಿಯಾರ ಮಿಸ್ಸು, ಟೀಚರಿಗೆ ಇದನ್ನು ಹೇಳಿದ್ದೀಯಾ ಎಂದಳು. ಮೊದಲು ಹೇಳಿದ್ದೆ, ಪಾಠದ ಹೊತ್ತಿನಲ್ಲಿ ತಂಗಿ ಪಂಗಿ ಎಲ್ಲ ಬೇಡ ಅಂದರು, ಎಂದಳು ಹುಡುಗಿ. ಆಮೇಲೆ ಇವಳ ಕೊರಳಿನ ಸ್ಟಾಪ್‌ವಾಚನ್ನೇ ನೋಡುತ್ತಾ ಕೇಳಿದಳು:

‘ನೀವು ಯಾಕ್ ಮಿಸ್ ಇವತ್ತು ಎದ್ದು ಹೋಗ್ಲಿಲ್ಲ?’

‘ನಾನಾ?’

‘ಗಂಟೆ ಹೊಡೆದ ತಕ್ಷಣ ನೀವೂ ದಿನಾ ಎದ್ದು ಹೋಗ್ತೀರಲ್ಲ. ನಿಮ್ಗೆ ಟೀಚರ್ ಏನೂ ಅನ್ನಲ್ಲ.’

ಗಡಿಯಾರ ಮಿಸ್ಸು ಸ್ಟಾಪ್‌ವಾಚನ್ನು ಸೆರಗಿನೊಳಗೆ ಸೇರಿಸಿದಳು. ಸೋಮವಾರ, ಮಂಗಳವಾರ, ಬುಧವಾರ ಈ ಗಂಟೆ ಬಾರಿಸಿದ್ದೇ ಅವಳಿಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ಅವಳ ಕಿವಿ ಮನೆಯಲ್ಲಿರುತ್ತಿತ್ತು.

ಆ ದಿನ ಮನೆಗೆ ಹೋದಾಗ ಗಂಡ ಪಾಳಿಗೆ ಹೋಗಿಯಾಗಿತ್ತು. ಅತ್ತೆ ಮಂಚದ ಅಂಚಿನಲ್ಲಿ, ಎಬ್ಬಿಸಿ ನಿಲ್ಲಿಸಿದ ಹಲಗೆಯ ಹಾಗೆ, ಕೂತಲ್ಲೇ ಕೂತಿದ್ದರು. ಮಾತ್ರೆ ಡಬ್ಬಿಯ ಹನ್ನೊಂದು ಇಪ್ಪತ್ತರ ಮನೆ ತುಂಬಿಯೇ ಇತ್ತು. ಪಕ್ಕದಲ್ಲಿ ಅವಳ ಫೋನು. ‘ನೀನು ಇವತ್ತು ಫೋನ್ ಮಾಡ್ಲಿಲ್ಲ ಕಣಮ್ಮ,’ ಎಂದರು ಅತ್ತೆ ನಾಲಿಗೆ ತಡವರಿಸುತ್ತಾ. ಆಕ್ಷೇಪಣೆಯಲ್ಲ, ವಿವರಣೆ. ಮಗನ ಪರವಾಗಿ.

ಮೂರು ಇಪ್ಪತ್ತರ ಮಾತ್ರೆಯ ಹೊತ್ತೇ ಆಗಿತ್ತು. ಅದನ್ನು ನುಂಗಿಸಿ, ತಪ್ಪಿದ್ದನ್ನು ಸೇರಿಸಿ ಎರಡು ಮಾಡದೆ, ಮೈ ಸಡಿಲವಾಗುವವರೆಗೆ ಅವರ ಕಾಲು ನೀವಿದಳು. ನೀವುವಾಗ ಅಭ್ಯಾಸಬಲದಿಂದ ಮೂರು ಕಲಂ ಕಣ್ಣ ಮುಂದೆ ಬಂದವು. ಮುಂಚೆ: ಫೋನು ಬಂತು. ಮಾಡಿದ್ದು: ಕುರ್ಚಿಯಿಂದ ಎದ್ದು ಮಾತ್ರೆ ಕೊಟ್ಟ. ಇನ್ನೊಂದು ಸಾಲು. ಮುಂಚೆ: ಫೋನು ಬರಲಿಲ್ಲ. ಮಾಡಿದ್ದು: ಪೇಪರು ಓದಿದ. ಇಂಥ ಸ್ವಚ್ಛವಾದ ದಾಖಲೆ ಯಾವ ಶಾಲೆಯಲ್ಲೂ ಅವಳಿಗೆ ಸಿಕ್ಕಿರಲಿಲ್ಲ. ನಗು ಬರಬೇಕಿತ್ತು. ಬರಲಿಲ್ಲ.

ಶನಿವಾರ ಶಿಶುವಿಹಾರಕ್ಕೆ ರಜೆ, ಶಾಲೆಗೆ ಅರ್ಧ ದಿನ. ಅವಳಿಗೆ ಆ ದಿನದ ಸಂಬಳವಿಲ್ಲ. ಆದರೂ ಹೋದಳು. ಒಂದು ಊಹೆ ಸರಿಯೋ ತಪ್ಪೋ ಎಂದು ನೋಡಬೇಕಾದರೆ, ಅದು ಸುಳ್ಳಾಗಬಹುದಾದ ದಿನ ಹೋಗಿ ನೋಡಬೇಕು. ಬರವಣಿಗೆಗೆ ಹೆದರಿ ಏಳುವವಳಾದರೆ ಇವತ್ತೂ ಏಳಬೇಕು. ಗಂಟೆಗೆ ಏಳುವವಳಾದರೆ ಇವತ್ತು ಏಳಬಾರದು, ಇವತ್ತು ಗಂಟೆಯಿಲ್ಲ. ಟೀಚರು ಎರಡನೇ ಪೀರಿಯಡ್ಡಿನಿಂದಲೇ ಬರೆಯಲು ಹಚ್ಚಿದರು. ಹುಡುಗಿ ಒಂದು ಪುಟ ಬರೆದಳು, ತಿರುವಿ ಇನ್ನರ್ಧ ಪುಟ ಬರೆದಳು, ಪೆನ್ಸಿಲಿನ ತುದಿ ಕಚ್ಚಿದಳು, ಪಕ್ಕದವಳಿಗೆ ಏನೋ ಹೇಳಿ ಬೈಸಿಕೊಂಡಳು. ಹನ್ನೊಂದು ಇಪ್ಪತ್ತಕ್ಕೆ ಕಿಟಕಿಯ ಕಡೆ ನೋಡಿದಳು. ಏಳಲಿಲ್ಲ. ಆಮೇಲೆ ಗಡಿಯಾರ ಮಿಸ್ಸು ನೋಟ್‌ಬುಕ್ಕನ್ನೇ ಕೇಳಿ ಪಡೆದು ಹಿಂದಕ್ಕೆ ತಿರುವಿದಳು. ವಾರದ ದಿನಗಳಲ್ಲಿ ಅರೆಬರೆ ಸಾಲುಗಳು. ಶನಿವಾರಗಳದ್ದೆಲ್ಲ ಪೂರ್ತಿ ಪುಟ, ಅಕ್ಷರ ತರಗತಿಯ ಅರ್ಧ ಮಕ್ಕಳಿಗಿಂತ ಚೆನ್ನ. ಮೊದಲ ದಿನವೇ ನೋಡಬೇಕಾಗಿದ್ದ ನೋಟ್‌ಬುಕ್ಕು.

ಭಾನುವಾರ ಆ ಮೂರು ಹಾಳೆಗಳ ಪ್ರತಿಗಳನ್ನು ಹರಡಿಕೊಂಡು ಕೂತಳು. ಅಳಿಸಲಿಲ್ಲ, ಹಾಳೆಯಲ್ಲಿ ಅಳಿಸುವಂತಿಲ್ಲ. ಬರೆಯಲು ಹೇಳಿದರು ಎಂಬ ಸಾಲಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ, ‘ಇದನ್ನು ನಾನು ನೋಡಿಲ್ಲ. 11.20ರಿಂದ 11.24ರವರೆಗೆ ನಾನು ಕೋಣೆಯಲ್ಲಿರಲಿಲ್ಲ. ಟೀಚರು ಹೇಳಿದ್ದು’ ಎಂದು ಬರೆದು, ತಾರೀಕು ಹಾಕಿ ಸಹಿ ಮಾಡಿದಳು. ಮೂರು ಸಲ. ಗಂಡ ಇಣುಕಿ ನೋಡಿ, ಭಾನುವಾರವೂ ಇದೇನಾ ನಿಂದು, ಊರಿಗೆ ಉಪಕಾರಿ ಎಂದ. ಗಾದೆಯ ಉಳಿದರ್ಧ ಬಾಯಲ್ಲೇ ಉಳಿಸಿಕೊಂಡ.

‘ಶುಕ್ರವಾರದ ಮಾತ್ರೆ ಡಬ್ಬೀಲೇ ಇತ್ತು,’ ಎಂದಳು ಅವಳು ತಲೆಯೆತ್ತದೆ.

‘ನೀನು ಫೋನೇ ಮಾಡ್ಲಿಲ್ವಲ್ಲೇ.’

‘ಹೌದು. ನಾಳೆಯಿಂದಾನೂ ಮಾಡಲ್ಲ. ನಿಮ್ ಫೋನಲ್ಲಿ ಅಲಾರಂ ಇಟ್ಟಿದೀನಿ.’

ಅವನು ಫೋನು ತೆಗೆದು ಅಲಾರಂ ಒಮ್ಮೆ ಕೂಗಿಸಿ ನೋಡಿದ. ಮಂಚದ ಮೇಲಿಂದ ಅತ್ತೆ, ‘ಅಷ್ಟು ಜೋರಾಗಿ ಇಡಬೇಡ್ವೋ, ನಂಗೆ ಬೆಚ್ಚಿಬೀಳೋ ಹಾಗಾಗುತ್ತೆ,’ ಎಂದರು. ಮಾತು ಅಲಾರಮ್ಮಿನ ಸದ್ದಿಗೆ ತಿರುಗಿಹೋಯಿತು.

ಸೋಮವಾರ ಹೆಡ್‌ಮಿಸ್ಸಿನ ಕೋಣೆಯಲ್ಲಿ ನಾಲ್ಕು ಕುರ್ಚಿ. ಹುಡುಗಿಯ ತಾಯಿ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳು. ಕ್ಲೋರಿನ್ನಿಗೆ ಬೆಳ್ಳಗಾಗಿ ಸುಲಿದ ಬೆರಳುಗಳನ್ನು ಮಡಿಲಲ್ಲಿ ಮುಚ್ಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ವರ್ಗಾವಣೆಯ ಕಾಗದ ಮೇಜಿನ ಮೇಲಿತ್ತು, ಸಹಿಯ ಜಾಗದಲ್ಲಿ ಪೆನ್ಸಿಲಿನ ಗುರುತು. ಹೆಡ್‌ಮಿಸ್ಸು ಕರಡನ್ನು ಓದಲು ಶುರುಮಾಡುವ ಮುಂಚೆಯೇ ಗಡಿಯಾರ ಮಿಸ್ಸು ಹೇಳಿದಳು:

‘ಅದನ್ನ ಓದ್ಬೇಡಿ ಮೇಡಂ. ನಾನು ಬರೆದಿರೋದು ತಪ್ಪು.’

ತಿದ್ದಿದ ಹಾಳೆಗಳನ್ನು ಮುಂದಿಟ್ಟಳು. ಹೆಡ್‌ಮಿಸ್ಸು ಕನ್ನಡಕ ಏರಿಸಿ ಓದಿದರು, ಆಮೇಲೆ ಕನ್ನಡಕದ ಮೇಲಿಂದ ನೋಡಿದರು. ಆ ನಾಲ್ಕು ನಿಮಿಷ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರು. ಮನೆಗೆ ಫೋನು ಮಾಡುತ್ತಿದ್ದೆ, ಅತ್ತೆಗೆ ಮಾತ್ರೆಯ ಹೊತ್ತು ಎಂದಳು. ಹದಿನಾಲ್ಕು ವರ್ಷದಲ್ಲಿ ಯಾವ ಶಾಲೆಯಲ್ಲೂ ಅವಳು ಮನೆಯ ಮಾತು ಎತ್ತಿದವಳಲ್ಲ. ಹೇಳಿದಾಗ ನಾಚಿಕೆಯಾಗುತ್ತದೆಂದುಕೊಂಡಿದ್ದಳು, ಬೇರೆ ಯಾರದೋ ವಿಷಯ ಓದಿ ಹೇಳಿದಂತೆ ಬಂತು.

ಮೂರನೇ ತರಗತಿಯ ಟೀಚರಿಗೆ ಮುಖ ಕೆಂಪಾಯಿತು. ನಾನು ಸುಳ್ಳು ಹೇಳಿದೆ ಅಂತಲೇ ನೀವು ಅನ್ನೋದು ಎಂದರು. ಇಲ್ಲ, ನೀವು ಕಂಡದ್ದನ್ನೇ ಹೇಳಿದ್ದೀರಿ, ಹಲಗೆಯ ಕಡೆ ಮುಖ ಮಾಡಿ ಬರೆಯುವವರಿಗೆ ಬೆನ್ನ ಹಿಂದಿನ ಒಂದು ನಿಮಿಷ ಕಾಣುವುದಿಲ್ಲ. ನೋಡಲೆಂದೇ ಬಂದವಳು ನಾನು, ನಾನು ನೋಡಲಿಲ್ಲ, ಎಂದಳು. ಆಮೇಲೆ ಶುಕ್ರವಾರದ ಗಂಟೆ, ಎದ್ದ ಹೊತ್ತು, ಬರೆಯಲು ಹೇಳಿದ ಹೊತ್ತು, ಕಂಬಿಯ ಹತ್ತಿರದ ಚಪ್ಪಾಳೆ, ಶನಿವಾರದ ಪುಟಗಳು ಎಲ್ಲವನ್ನೂ ಹೇಳಿದಳು. ಹೊರಗೆ ನಿಲ್ಲಿಸುವುದೇ ಹುಡುಗಿಗೆ ಬೇಕಾದದ್ದು ಎಂದು ಬರೆದಿದ್ದೆ, ಆ ಮಾತು ಈಗಲೂ ನಿಜ. ಬರೆಯುವುದು ತಪ್ಪುತ್ತದೆಂದಲ್ಲ, ಅಲ್ಲಿಂದ ತಂಗಿ ಕಾಣುತ್ತಾಳೆಂದು. ಇದೂ ಇನ್ನೂ ಊಹೆಯೇ, ಒಂದು ಶುಕ್ರವಾರ ಒಂದು ಶನಿವಾರದ ಮೇಲೆ ನಿಂತದ್ದು. ಎರಡು ವಾರ ಕೊಡಿ. ತಂಗಿಯ ಚಿಂತೆಯನ್ನು ಬೇರೆಯವರು ವಹಿಸಿಕೊಂಡು ನೋಡೋಣ. ಆಗಲೂ ಎದ್ದರೆ ನನ್ನ ಮಾತು ಸುಳ್ಳು, ಈ ಕಾಗದಕ್ಕೆ ನಾನೇ ಸಹಿ ಹಾಕುತ್ತೇನೆ.

ತಾಯಿ ಮೊದಲ ಸಲ ಬಾಯಿ ತೆರೆದಳು. ‘ತಂಗೀನ ನೋಡ್ಕೋ ಅಂತ ನಾನೇ ಹೇಳಿದ್ದು. ಶಾಲೇಲೂ ನೋಡ್ಕೋ ಅಂತ ಹೇಳಿರ್ಲಿಲ್ಲ.’ ಅಷ್ಟೇ ಹೇಳಿ, ಬೆರಳುಗಳನ್ನು ಮತ್ತೆ ಮುಚ್ಚಿಕೊಂಡಳು.

ಆಯಾಳನ್ನು ಕರೆಸಿದರು. ಗಂಟೆ ಹೊಡೆದೊಡನೆ ಹಳದಿ ರಿಬ್ಬನ್ನಿನವಳನ್ನು ಮೊದಲು ಕರೆದೊಯ್ಯಬೇಕು ಎಂದಾಗ ಆಯಾ ಸೀರೆಗೆ ಕೈ ಒರೆಸಿಕೊಂಡು, ‘ನಂಗಿರೋದು ಎರಡೇ ಕೈ ಅಮ್ಮ. ಇಪ್ಪತ್ತಾರು ಮಕ್ಕಳು. ನಲ್ಲಿ ಹತ್ರ ಬಿಟ್ರೆ ಎಲ್ಲಾ ತೋಯಿಸ್ಕೋತಾವೆ,’ ಎಂದಳು. ಒಬ್ಬ ಹೆಂಗಸಿನ ತಲೆಯಿಂದ ಇಳಿಸಿದ ಹೊರೆ ಇನ್ನೊಬ್ಬಳ ತಲೆಗೇ ಹೋಗುವುದು ಗಡಿಯಾರ ಮಿಸ್ಸಿಗೆ ಕಾಣುತ್ತಿತ್ತು. ಕೈಗಂಟೆ ಹೊಡೆಯುವವರು ಯಾರು ಎಂದು ಕೇಳಿದಳು. ಜವಾನ. ಹೊಡೆದು ಏನು ಮಾಡುತ್ತಾನೆ? ಕೂರುತ್ತಾನೆ ಎಂದಳು ಆಯಾ. ಜವಾನನನ್ನೂ ಕರೆಸಿದರು. ನಲ್ಲಿಯ ಹತ್ತಿರ ಮಕ್ಕಳನ್ನು ಸಾಲು ಹಿಡಿಸುವುದು ತನ್ನ ಕೆಲಸವಲ್ಲ ಎಂದ ಅವನು. ಹೆಡ್‌ಮಿಸ್ಸು ವರ್ಗಾವಣೆಯ ಕಾಗದವನ್ನು ಡ್ರಾಯರಿಗೆ ಹಾಕುತ್ತಾ, ಇವತ್ತಿಂದ ಹೌದು ಎಂದರು.

ಎರಡು ವಾರದ ಲೆಕ್ಕ ಹೀಗಿದೆ. ಮೊದಲ ವಾರ ಹುಡುಗಿ ಐದರಲ್ಲಿ ನಾಲ್ಕು ದಿನ ಎದ್ದಳು. ಆಯಾಳ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. ಟೀಚರು ತಾವೇ ಒಂದು ದಾರಿ ಕಂಡುಹಿಡಿದರು: ಹನ್ನೊಂದು ಇಪ್ಪತ್ತಾಗುತ್ತಲೇ ಬಾಗಿಲು ತೆರೆದಿಡುವುದು, ಚಿಕ್ಕವಳು ಹೋಗಿಬಂದ ಮೇಲೆ ಆಯಾ ಕೆಳಗಿಂದ ಮೂರು ಚಪ್ಪಾಳೆ ಹೊಡೆಯುವುದು. ಎರಡನೇ ವಾರ ಒಂದೇ ದಿನ ಎದ್ದಳು, ಅದೂ ಜವಾನ ರಜೆ ಹಾಕಿ ಚಪ್ಪಾಳೆ ತಡವಾದ ದಿನ. ತಳ್ಳುವುದು, ಪರಚುವುದು ಒಮ್ಮೆಯೂ ಇಲ್ಲ. ಬಾಗಿಲಮ್ಮ ಎಂಬ ಹೆಸರು ಮಾತ್ರ ಟೀಚರುಗಳ ಕೋಣೆಯಲ್ಲಿ ಉಳಿದುಕೊಂಡಿತು. ಈಗ ಅದನ್ನು ಬೇರೆ ಅರ್ಥದಲ್ಲಿ ಹೇಳುತ್ತಾರೆಂದು ಟೀಚರು ಅಂದರು. ಯಾವ ಅರ್ಥವೆಂದು ಅವಳು ಕೇಳಲಿಲ್ಲ.

ಹೊಸ ವರದಿಯಲ್ಲಿ ಮಗು ಇದೇ ಶಾಲೆಯಲ್ಲಿ ಮುಂದುವರಿಯಲಿ ಎಂದು ಬರೆದಳು. ಅದರ ಕೆಳಗೆ, ಮಗು ಮನೆಯಲ್ಲಿ ತಂಗಿಯ ಬಟ್ಟೆ ಒಗೆಯುವುದು ಈ ವರದಿಯಿಂದ ನಿಲ್ಲುವುದಿಲ್ಲ ಎಂದು ಒಂದು ಸಾಲು ಬರೆದು, ನಮೂನೆಯಲ್ಲಿ ಅದಕ್ಕೆ ಕಲಂ ಇಲ್ಲದ್ದರಿಂದ ಅಂಚಿನಲ್ಲಿ ಬಿಟ್ಟಳು.

ವರದಿಗೆ ಮುಂಚೆ, ಕೊನೆಯ ದಿನದ ಎಣಿಕೆಗೆ ಅದೇ ಮೂಲೆಯಲ್ಲಿ ಕೂತಿದ್ದಳು. ಈ ಸಲದ ಎಣಿಕೆಯನ್ನು ಅವಳು ಹನ್ನೊಂದು ಇಪ್ಪತ್ತಕ್ಕೆ ನಿಲ್ಲಿಸುತ್ತಿರಲಿಲ್ಲ. ಮನೆಯಲ್ಲಿ ಅಲಾರಂ ಆ ಎರಡು ವಾರ ಕೂಗಿತ್ತು. ಅವಳು ಇಲ್ಲಿಗೆ ಬಂದ ಹಿಂದಿನ ಒಂಬತ್ತು ದಿನಗಳಲ್ಲಿ ಮಾತ್ರೆ ಏಳು ದಿನ ಅತ್ತೆಯ ಹೊಟ್ಟೆಗೆ ಹೋಗಿ, ಎರಡು ದಿನ ಡಬ್ಬಿಯಲ್ಲೇ ಉಳಿದಿತ್ತು. ಕೆಳಗೆ ಕೈಗಂಟೆ ಬಾರಿಸಿತು. ಹುಡುಗಿಯ ಪೆನ್ಸಿಲು ನಿಂತಿತು. ಗಡಿಯಾರ ಮಿಸ್ಸಿನ ಕೈ ತಾನಾಗಿ ಚೀಲದ ಕಡೆ ಹೋಯಿತು, ಜಿಪ್ಪಿನ ಮೇಲೆ ನಿಂತಿತು. ಮುಂದಿನ ಬೆಂಚಿನಿಂದ ಹುಡುಗಿ ಒಮ್ಮೆ ಹಿಂದೆ ತಿರುಗಿ ಇವಳನ್ನು ನೋಡಿದಳು. ಕೆಳಗಿಂದ ಚಪ್ಪಾಳೆ ಕೇಳಿಸಿತು, ಒಂದು, ಎರಡು, ಮೂರು. ಹುಡುಗಿ ಮುಂದೆ ತಿರುಗಿ ಬರೆಯತೊಡಗಿದಳು.

ಗಡಿಯಾರ ಮಿಸ್ಸು ಹಾಳೆಯಲ್ಲಿ ಹೊತ್ತು ಹಾಕಿದಳು. 11.23. ಒಂದು ಗೀಟು.